ಅತ್ತಿಗೆಯ ಕೈಯಲ್ಲಿದ್ದದ್ದು

ಅತ್ತಿಗೆಯ ಬಲಗೈಯಲ್ಲಿ ಏನೋ ಇತ್ತು. ಅದೇನೆಂದು ನನಗೆ ಖಚಿತವಿರಲಿಲ್ಲ. ಬಾಲವಾಡಿಯ ಹೊಸ್ತಿಲ ಮೇಲೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೀದಿಗೆ ಮುಖ ಮಾಡಿ ಕೂತಿದ್ದರು. ಕೈ ಆಡುತ್ತಿತ್ತು, ಬಾಯಿ ಮುಚ್ಚಿತ್ತು. ನನ್ನ ಅನುಮಾನ ಶುರುವಾಗುವುದೇ ಈ ಮುಚ್ಚಿದ ಬಾಯಿಂದ. ಮುಳಬಾಗಿಲಿನ ಪೇಟೆಯಲ್ಲಿ ನಮ್ಮಣ್ಣನ ಬಟ್ಟೆ ಅಂಗಡಿ, ಅದರ ಹಿಂದೆಯೇ ಮನೆ. ಅಡುಗೆಮನೆಯಿಂದ ಅತ್ತಿಗೆ ಮಗಳನ್ನು ಏನಾದರೂ ಕೇಳಿದರೆ ಬೀದಿಯಾಚೆಯ ದರ್ಜಿ ಉತ್ತರ ಕೊಡುತ್ತಿದ್ದ. ಅಂಥವರು ಸುಮ್ಮನೆ ಕೂತದ್ದನ್ನು ನಾನು ಬಸ್ಸಿಳಿದು ಬರುವಾಗ ನಿಜಕ್ಕೂ ಕಂಡೆನೋ, ಇಲ್ಲ ಆಮೇಲೆ ನನಗೆ ಬೇಕಾದಂತೆ ಕಟ್ಟಿಕೊಂಡೆನೋ?

ಈ ಪ್ರಶ್ನೆಯನ್ನು ಹಾಗೇ ಬಿಟ್ಟುಬಿಡುತ್ತಿದ್ದೆ. ಬಿಡಗೊಡದವರು ಅತ್ತಿಗೆಯ ತಿಥಿ ಊಟಕ್ಕೆ ಬಂದಿದ್ದ ನಂಟರು. ಪಕ್ಕದ ಎಲೆಯಲ್ಲಿದ್ದ ಹಿರಿಯರೊಬ್ಬರು ಅನ್ನಕ್ಕೆ ಸಾರು ಕಲೆಸುತ್ತ ಹೇಳಿದರು:

"ಆಯಮ್ಮ ಗಟ್ಟಿಗಿತ್ತಿ ಕಣಪ್ಪಾ. ಆ ಮೊದ್ದು ಮಗನ್ನ ಬಡಿದೂ ಬಡಿದೂ ಮನುಷ್ಯನ್ನ ಮಾಡಿದ್ಲು. ಬಾಲವಾಡಿ ಬಾಗಿಲಲ್ಲಿ ಹುಣಸೆ ಬರಲು ಹಿಡ್ಕೊಂಡು ಕೂತಿರ್ತಿದ್ಲಲ್ಲ, ಅವನು ಓಡಿ ಬರದಂಗೆ."

ಸುತ್ತಲಿನವರು ಹೌದು ಹೌದು ಎಂದರು. ಎದುರಿನ ಸಾಲಿನಲ್ಲಿ ಒಬ್ಬ ಎಳೆಯ ತಾಯಿ ಕೂತಿದ್ದಳು. ಅವಳ ಮಗು ಯಾರ ಮುಖವನ್ನೂ ನೋಡದೆ ಅವಳ ಕಂಕುಳಲ್ಲಿ ತಲೆ ಹುದುಗಿಸಿತ್ತು. ಹಿರಿಯರು ಅವಳ ಕಡೆಗೆ ಬೆರಳು ಚಾಚಿ, "ನೋಡ್ಕೊಳಮ್ಮಾ, ಹಂಗೆ ಮಾಡ್ಬೇಕು" ಎಂದರು. ಸತ್ತವರು ಮಾಡದೇ ಇದ್ದ ಕೆಲಸಕ್ಕೆ ಅವರನ್ನು ಹೊಗಳಿ, ಆ ಹೊಗಳಿಕೆಯಿಂದಲೇ ಇನ್ನೊಂದು ಮಗುವಿನ ಬೆನ್ನಿಗೆ ಬರಲು ಕಡಿಯುತ್ತಿದ್ದರು.

ಆದರೆ ಎದ್ದು ನಿಂತು ಸುಳ್ಳು ಎನ್ನಲು ನನ್ನಿಂದ ಆಗಲಿಲ್ಲ. ಕೈಯಲ್ಲಿ ಏನೋ ಇದ್ದದ್ದು ನನಗೂ ನೆನಪಿತ್ತು.

ಅತ್ತಿಗೆ ಸುಗಟೂರಿನವರು, ರೇಷ್ಮೆ ಬೆಳೆಯುವ ಮನೆಯ ಮಗಳು. ಮೊದಲ ಮಗು ಹೆಣ್ಣು, ಅಮ್ಮನ ಅಚ್ಚು. ನಕ್ಕರೆ ಮನೆ ನಗಬೇಕು, ಅತ್ತರೆ ಬೀದಿ ಸೇರಬೇಕು. ಮೊದಲ ಸಲ ರಾಗಿ ಸರಿ ಬಾಯಿಗಿಟ್ಟಾಗ ಮುಖ ಕಿವುಚಿ ಕಿರುಚಿ, ಮರುಗಳಿಗೆಯಲ್ಲೇ ಉಣಿಸುವ ಒಳಲೆಗೆ ಕೈ ಹಾಕಿತಂತೆ. ಗಿರಾಕಿಗಳಲ್ಲಿ ಯಾರು ಕೈ ಚಾಚಿದರೂ ಹೋಗುತ್ತಿದ್ದಳು. ತಾಯಿ ಮಗಳು ಜಗಳವಾಡಿ, ಕೂಗಾಡಿ, ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಆಗ ಊರೆಲ್ಲ ಅತ್ತಿಗೆಯನ್ನು, ಮಕ್ಕಳನ್ನು ಬೆಳೆಸುವುದೆಂದರೆ ಹೀಗೆ ಎಂದು ಮೆಚ್ಚಿತು.

ಎರಡನೆಯವನು ಹುಟ್ಟಿದ. ತಾಯಿ ಅದೇ, ಮನೆ ಅದೇ, ಒಳಲೆಯೂ ಅದೇ. ಈ ಮಗು ರಾಗಿ ಸರಿಯನ್ನು ಉಗುಳಲಿಲ್ಲ, ಅಳಲಿಲ್ಲ. ನಾಲಿಗೆಯಿಂದ ಮೆಲ್ಲಗೆ ಹೊರಕ್ಕೆ ತಳ್ಳಿ, ಗಲ್ಲದ ಮೇಲೆ ಹರಿಯಲು ಬಿಟ್ಟು, ಮುಖ ತಿರುಗಿಸಿತು. ಹೊತ್ತಿಗೆ ಸರಿಯಾಗಿ ಮಲಗುತ್ತಿತ್ತು, ಹೊತ್ತಿಗೆ ಸರಿಯಾಗಿ ಹಸಿಯುತ್ತಿತ್ತು. ನೀರು ಎರೆಯುವ ಅಜ್ಜಿ ಬದಲಾದ ದಿನ ಮಾತ್ರ ಕಡ್ಡಿಯಂತೆ ಸೆಟೆದುಕೊಂಡಿತು. ಹೊಸ ಮುಖ, ಹೊಸ ರುಚಿ, ಹೊಸ ಜೋಲಿ ಯಾವುದಕ್ಕೂ ಅದರ ಮೊದಲ ಉತ್ತರ ಹಿಂದೆ ಸರಿಯುವುದು. ಅದೂ ಸದ್ದಿಲ್ಲದೆ. ಅಂಗಡಿಯ ಷಟರ್ ಎತ್ತಿದ ಶಬ್ದಕ್ಕೆ ಬೆಚ್ಚಿ ಬೀಳುತ್ತಿತ್ತು. ಅತ್ತಿಗೆಯ ಮುದ್ದಿನ ಮಾತಿಗೂ ಬೆಚ್ಚುತ್ತಿತ್ತು, ಏಕೆಂದರೆ ಅವರ ಮುದ್ದೂ ಷಟರಿನಷ್ಟೇ ಜೋರು.

ಅತ್ತಿಗೆ ತಮಗೆ ಗೊತ್ತಿದ್ದುದನ್ನು ಮಾಡಿದರು. ಅಂಜಿಕೆ ಬಿಡಲೆಂದು ಮಗುವನ್ನು ಒಬ್ಬರ ತೊಡೆಯಿಂದ ಇನ್ನೊಬ್ಬರ ತೊಡೆಗೆ ದಾಟಿಸಿದರು. ಗಿರಾಕಿಗಳು ಕೆನ್ನೆ ಹಿಂಡಿದರು. ನಡೆಯಲು ಕಲಿತ ಮೇಲೆ ಅವನು ಬಟ್ಟೆಯ ಥಾನುಗಳ ಸಂದಿಯಲ್ಲಿ ಅಡಗಿಕೊಂಡ. ಎಳೆದು ತಂದು "ನಮಸ್ಕಾರ ಮಾಡೋ" ಎಂದರೆ ಕಲ್ಲಾದ. ಅತ್ತಿಗೆ ಹೊಡೆದದ್ದೂ ಉಂಟು, ಅದನ್ನು ಮುಚ್ಚಿಡುವುದಿಲ್ಲ. ಹೊಡೆದಷ್ಟೂ ಅವನು ಹೆಚ್ಚು ಕಲ್ಲಾದ, ಅವನು ಕಲ್ಲಾದಷ್ಟೂ ಅವರ ದನಿ ಏರಿತು.

ನಮ್ಮಮ್ಮನ ಮಾತಿಗೆ ತೆಲುಗೂ ಬೇಕು, ಕನ್ನಡವೂ ಬೇಕು. ಎರಡರಲ್ಲೂ ಇರುವ ಒಂದು ಪದವನ್ನು ಅವನಿಗೆ ಅಂಟಿಸಿದರು: ಮೊದ್ದು. ಒಬ್ಬ ಡಾಕ್ಟರು, ಮಗು ತನ್ನತ್ತ ನೋಡಲಿಲ್ಲ, ಕೇಳಿದ್ದಕ್ಕೆ ಹೇಳಲಿಲ್ಲ ಎಂಬಷ್ಟರಿಂದಲೇ, "ಬುದ್ಧಿ ಸ್ವಲ್ಪ ಕಮ್ಮಿ ಇರಬಹುದು" ಎಂದುಬಿಟ್ಟರು. ಅಪರಿಚಿತನೊಬ್ಬ ಬಿಳಿ ಕೋಟು ಹಾಕಿಕೊಂಡು ಬಾಯಿಗೆ ಕಡ್ಡಿ ತುರುಕಿದರೆ ಯಾವ ಬುದ್ಧಿವಂತ ತಾನೇ ಹರಟೆ ಹೊಡೆಯುತ್ತಾನೆ? ಮನೆಯವರು ಮಾತ್ರ ತಪ್ಪನ್ನು ಅತ್ತಿಗೆಯಲ್ಲಿ ಹುಡುಕಿದರು. ಹಾಲು ಸರಿಯಿಲ್ಲ, ಬಸುರಿಯಾಗಿದ್ದಾಗ ಹೆದರಿಕೊಂಡಿದ್ದಳು, ಮೊದಲನೆಯವಳ ಮೇಲೇ ಪ್ರೀತಿ. ಹಿರಿಮಗಳನ್ನು ಬೆಳೆಸಿದವಳೂ ಇವಳೇ ಎಂಬುದು ಯಾರಿಗೂ ನೆನಪಾಗಲಿಲ್ಲ.

ವಿಚಿತ್ರವೆಂದರೆ, ಸುಗಟೂರಿಗೆ ಹೋದರೆ ಅವನು ಮೊದ್ದಲ್ಲ. ಹುಳು ಸಾಕುವ ಕೋಣೆಗೆ ಹೊರಗಿನವರನ್ನು ಬಿಡುವುದಿಲ್ಲ. ಅಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ, ದಿನದ ಕೆಲಸಗಳು ಹೊತ್ತು ತಪ್ಪುವುದಿಲ್ಲ. ಅವನು ತಾತನ ಹಿಂದೆ ತಟ್ಟೆಯಿಂದ ತಟ್ಟೆಗೆ ನಡೆಯುತ್ತಿದ್ದ, ಹುಳುಗಳ ಮೇಲೆ ಸೊಪ್ಪು ಉದುರಿಸುತ್ತಿದ್ದ, ಮೆಲ್ಲಗೆ ಮಾತೂ ಆಡುತ್ತಿದ್ದ. ಇದನ್ನು ಕಂಡ ಅಣ್ಣ ತಾನೊಂದು ಉಪಾಯ ಕಂಡುಹಿಡಿದೆ ಅಂದುಕೊಂಡ.

"ಹಂಗಾದ್ರೆ ಅಲ್ಲೇ ಬಿಟ್ಬಿಡು. ಆದ್ರೂ ಸಂಕ್ರಾಂತಿವರೆಗೂ ನೋಡ್ತೀನಿ. ಅಷ್ಟರಲ್ಲಿ ಬಾಲವಾಡೀಲಿ ಒಬ್ಬನೇ ಕೂತ್ರೆ ಸರಿ. ಇಲ್ದಿದ್ರೆ ನಿಮ್ಮಪ್ಪನ ಮನೇಲೇ ಬೆಳೀಲಿ. ಅಂಗಡಿ ಮುಂದೆ ಇವನನ್ನ ಇಟ್ಕೊಂಡು ನಾನು ಯಾರಿಗೆ ಜವಾಬು ಹೇಳ್ಲಿ?"

ಹುಡುಗನಿಗೆ ಆಗಿನ್ನೂ ಮೂರು ವರ್ಷ. ಎಪ್ಪತ್ತರ ದಶಕದ ಕೊನೆ. ನಾನು ಬೆಂಗಳೂರಿನಲ್ಲಿ ಮನಃಶಾಸ್ತ್ರ ಓದುತ್ತಿದ್ದೆ. ರಜೆಗೆ ಬಂದು, ಹೊಸದಾಗಿ ಕಲಿತದ್ದನ್ನು ಅಣ್ಣನಿಗೆ ಹೇಳಿದೆ. ಮಕ್ಕಳು ಬರಿಯ ಹಸಿಮಣ್ಣಲ್ಲ, ಹುಟ್ಟುತ್ತಲೇ ಒಂದು ಧಾತು ತರುತ್ತಾರೆ ಎಂದೆ. ಕೆಲವರು ಹೊಸದಕ್ಕೆ ಹಾರುತ್ತಾರೆ, ಕೆಲವರು ತಡೆದು ನೋಡುತ್ತಾರೆ. ಇದು ರೋಗವಲ್ಲ, ದಡ್ಡತನವಲ್ಲ, ತಾಯಿ ಮಾಡಿದ್ದೂ ಅಲ್ಲ.

"ಅದನ್ನೆಲ್ಲ ಬೆಂಗಳೂರಲ್ಲೇ ಇಟ್ಕೊಳಪ್ಪ" ಎಂದ ಅಣ್ಣ, ಸೀರೆ ಮಡಚುತ್ತ.

ಅತ್ತಿಗೆ ಬಾಗಿಲ ಹಿಂದಿನಿಂದ ಕೇಳಿಸಿಕೊಂಡಿದ್ದರು. ಸಂಜೆ ಹಿತ್ತಲಲ್ಲಿ ನನ್ನನ್ನು ಹಿಡಿದರು.

"ಹುಟ್ತಾನೇ ಬಂದಿದ್ದು ಅಂದ್ಯಲ್ಲ. ಹಂಗಾದ್ರೆ ನನ್ ತಪ್ಪಿಲ್ವಾ?"

"ಇಲ್ಲ ಅತ್ತಿಗೆ."

"ಹಂಗಾದ್ರೆ ನಾನು ಮಾಡೋದೂ ಏನಿಲ್ವಾ? ಚೆನ್ನಾಗಿದೆ ಕಣಪ್ಪಾ ನಿನ್ ಓದು. ಒಂದು ಕೈಲಿ ತಪ್ಪು ಇಳಿಸಿ ಇನ್ನೊಂದು ಕೈಲಿ ಮಗೂನೇ ಇಸ್ಕೊಂಡಂಗಾಯ್ತು."

ಧಾತು ಒಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ, ಮಗುವಿನ ರೀತಿಗೂ ಮನೆಯ ರೀತಿಗೂ ಹೊಂದಿಕೆ ಇದೆಯೇ ಎಂಬುದು ಮುಖ್ಯ ಎಂದೆ. ನಿಮ್ಮ ರೀತಿ ಕೆಟ್ಟದ್ದಲ್ಲ, ಮಗಳಿಗೆ ಹೊಂದಿತು. ಅವನ ರೀತಿಯೂ ಕೆಟ್ಟದ್ದಲ್ಲ, ಸುಗಟೂರಿಗೆ ಹೊಂದುತ್ತದೆ. ಎರಡೂ ಕೂಡುವ ಜಾಗದಲ್ಲಿ ಉಜ್ಜುತ್ತಿದೆ. ಬದಲಾಗಬಹುದಾದದ್ದು ಅವನಲ್ಲ, ನಾವು ಕೇಳುವ ರೀತಿ, ಕೇಳುವ ವೇಗ. ಹಾಗಂತ ಎಲ್ಲದರಿಂದಲೂ ಮರೆಮಾಡಿದರೆ ಅವನು ಯಾವುದಕ್ಕೂ ಒಗ್ಗುವುದಿಲ್ಲ.

ಅತ್ತಿಗೆ ತೊಟ್ಟಿಯಿಂದ ಒಂದು ಚೊಂಬು ನೀರು ಮೊಗೆದುಕೊಂಡರು. ಆಮೇಲೆ ಅಂದರು:

"ಜ್ವರಕ್ಕೆ ಕೂತವ್ನೆ, ಅಷ್ಟೇ."

ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ತಲೆಯೆತ್ತಿ, ಅಲುಗದೆ, ತಿನ್ನದೆ ನಿಲ್ಲುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಆಗ ಸೊಪ್ಪು ಹಾಕಿದರೆ ಹುಳು ಕೆಡುತ್ತದೆ. ಎದ್ದ ಮೇಲೆ ಹಾಕದಿದ್ದರೂ ಕೆಡುತ್ತದೆ. "ಕಾಯ್ಬೇಕು. ಆದ್ರೆ ತಟ್ಟೆ ಬಿಟ್ಟು ಹೋಗ್ಬಾರ್ದು" ಎಂದರು. ಹೀಗೇ ಎಂದರೇ? ನನ್ನ ಪಠ್ಯಕ್ಕೆ ಇಷ್ಟು ಚೆನ್ನಾಗಿ ಕೂಡುವ ಮಾತನ್ನು ಕಂಡರೆ ನನಗೇ ಗುಮಾನಿ. ಅರ್ಧ ನಾನೇ ಹೆಣೆದಿರಬಹುದು. ಮಗು ಹುಳುವಲ್ಲ, ಹುಳುವಿನ ಜ್ವರ ಬಿಡುತ್ತದೆ, ಧಾತು ಬಿಡುವುದಿಲ್ಲ. ಆದರೆ ಜ್ವರ ಎಂಬ ಪದ ಅವರದ್ದೇ. ಆ ಮನೆಯಲ್ಲಿ ಇನ್ಯಾರಿಗೂ ಅದು ಹೊಳೆಯುವಂತಿರಲಿಲ್ಲ.

ಅಂದಿನಿಂದ ಅವರು ದಿನಾ ಅವನನ್ನು ಬಾಲವಾಡಿಗೆ ಕರೆದುಕೊಂಡು ಹೋದರು. ಬೇರೆ ಮಕ್ಕಳು ಬರುವ ಮುಂಚೆಯೇ, ಜಾಗ ಖಾಲಿಯಿದ್ದಾಗ. ಹೋಗುವ ದಾರಿಯಲ್ಲೇ ಅಲ್ಲಿ ಏನೇನು ನಡೆಯುತ್ತದೆಂದು ಹೇಳುತ್ತಿದ್ದರು, ತಗ್ಗಿದ ದನಿಯಲ್ಲಿ. ಟೀಚರಿಗೆ "ಅವನನ್ನ ಕರೀಬೇಡಿ, ನೋಡ್ಲಿ" ಎಂದಿದ್ದರು. ಮೊದಲು ಅವನ ಪಕ್ಕದಲ್ಲೇ ಕೂತರು, ಆಮೇಲೆ ಹೊಸ್ತಿಲ ಮೇಲೆ, ಆಮೇಲೆ ಬೇಲಿಯ ಹತ್ತಿರ. ಮುಂದಿನ ರಜೆಗೆ ಬಸ್ಸಿಳಿದಾಗ ನಾನು ಅವರನ್ನು ಕಂಡದ್ದು ಹೊಸ್ತಿಲ ಮೇಲಿದ್ದಾಗ. ಅವನು ಹಿಂದೆ ಸರಿದ ದಿನ ಇವರೂ ಒಂದು ಹೆಜ್ಜೆ ಹಿಂದೆ ಬಂದರು. ಬೇಗ ಬೇಗ ಎನ್ನುವ ಹೆಂಗಸು ಹೀಗೆ ಕೂರಬೇಕಾದರೆ ಒಳಗೆ ಏನೆಲ್ಲ ಅದುಮಿಕೊಂಡಿರಬೇಕು. ಅದಕ್ಕೆ ಊರು ಕೊಟ್ಟ ಹೆಸರು ಹುಣಸೆ ಬರಲು.

ಸಂಕ್ರಾಂತಿ ಬಂತು. ಹುಡುಗ ಸುಗಟೂರಿಗೆ ಹೋದ, ಎಳ್ಳು ಬೀರಲು ಅಕ್ಕನ ಜೊತೆ. ಹಬ್ಬ ಮುಗಿಸಿ ಅಮ್ಮನ ಜೊತೆ ವಾಪಸು ಬಂದ. ಅಷ್ಟರಲ್ಲಾಗಲೇ ಬಾಲವಾಡಿಯಲ್ಲಿ ಒಬ್ಬನೇ ಕೂರುತ್ತಿದ್ದ, ಅಣ್ಣ ಆ ಮಾತು ಮತ್ತೆ ಎತ್ತಲಿಲ್ಲ.

ಅವನು ಮಾತುಗಾರನಾಗಲಿಲ್ಲ. ಹೊಸಬರೆದುರು ಈಗಲೂ ಸ್ವಲ್ಪ ಹೊತ್ತು ಸುಮ್ಮನಿರುತ್ತಾನೆ. ಅಂಗಡಿ ಈಗ ಅವನದೇ. ಬಟ್ಟೆ ಹರಡಿ ಸುಮ್ಮನೆ ನಿಲ್ಲುತ್ತಾನೆ, ಒತ್ತಾಯವಿಲ್ಲ. ಹೆಂಗಸರು ಅದಕ್ಕೇ ಅಲ್ಲಿಗೆ ಬರುತ್ತಾರೆ. ತಿಥಿ ಮುಗಿದ ಮೇಲೆ ಕೇಳಿದೆ, ಅಮ್ಮನ ಕೈಯಲ್ಲಿ ಏನಿತ್ತು ಅಂತ.

"ನೆನಪಿಲ್ಲ ಚಿಕ್ಕಪ್ಪ. ನಂಗೆ ಅಮ್ಮನ ಬೆನ್ನಷ್ಟೇ ನೆನಪಿರೋದು. ನಾನು ತಿರುಗಿ ನೋಡ್ದಾಗೆಲ್ಲ ಅಲ್ಲೇ ಇತ್ತು."

ಬಾಲವಾಡಿಯ ಟೀಚರು ನಿವೃತ್ತರಾಗಿ ಶ್ರೀನಿವಾಸಪುರದಲ್ಲಿ ಮಗನ ಮನೆಯಲ್ಲಿದ್ದಾರೆಂದು ತಿಳಿದು ಬಸ್ಸು ಹತ್ತಿದೆ. ಬೇಕಾದ ಉತ್ತರ ಬಾಯಿಗೆ ಹಾಕಬಾರದೆಂದು ಬರಲಿನ ಮಾತೇ ಎತ್ತಲಿಲ್ಲ. ಹೊಸ್ತಿಲ ಮೇಲೆ ಕೂರುತ್ತಿದ್ದ ಹೆಂಗಸು ನೆನಪಿದ್ದಾರಾ ಎಂದಷ್ಟೇ ಕೇಳಿದೆ.

"ಬಟ್ಟೆ ಅಂಗಡಿಯೋರಲ್ವಾ? ಮರೆಯೋದುಂಟಾ. ಸುಮ್ನೆ ಕೂರಕ್ಕಾಗಲ್ಲ ಟೀಚರೇ ಅಂತ ದಿನಾ ಮಡಿಲ ತುಂಬ ಅವರೆಕಾಯಿ ತಂದು ಸುಲೀತಿದ್ರು. ಕೋಣೆಯೆಲ್ಲ ಸೊಗಡು. ಒಂದಿನ ಕಾಯಿಂದ ಹಸಿರು ಹುಳು ಬಿತ್ತು, ಮಕ್ಕಳೆಲ್ಲ ಕಿರುಚಿಕೊಂಡ್ವು. ಆ ಹುಡುಗ ತಾನಾಗೇ ಎದ್ದು ಬಂದು ಅದನ್ನ ಅಂಗೈ ಮೇಲೆ ಹಾಕ್ಕೊಂಡು ಎಲ್ರಿಗೂ ತೋರಿಸ್ದ. ಆಯಮ್ಮ ತಿರುಗಿ ನೋಡ್ಲಿಲ್ಲ. ಕೈ ಮಾತ್ರ ನಿಂತೋಯ್ತು."

ಹುಳುವಿನ ಕಥೆಗೆ ಬೇರೆ ಸಾಕ್ಷಿಯಿಲ್ಲ. ಅವರ ನೆನಪೂ ನನ್ನದರಂತೆ ಬಣ್ಣ ಹಚ್ಚಿರಬಹುದು. ಆದರೆ ಮುಳಬಾಗಿಲಿಗೆ ವಾಪಸಾದ ಮೇಲೆ ಬೀದಿಯಾಚೆಯ ದರ್ಜಿಯ ಅಂಗಡಿಗೆ ಹೋಗಿ ಕೇಳಿದೆ. ಮುದುಕನಾಗಿದ್ದಾನೆ. ಯಾರು ಏನು ಹೇಳಿದರೆಂದು ಅವನಿಗೂ ತಿಳಿಸಲಿಲ್ಲ. ಅವನು ಸೂಜಿಯಿಂದ ಕಣ್ಣೆತ್ತದೆ ಹೇಳಿದ: ಆ ಚಳಿಗಾಲವೆಲ್ಲ ಅತ್ತಿಗೆ ಬಾಲವಾಡಿಯಿಂದ ಬರುವಾಗ ಸೆರಗಲ್ಲಿ ಸುಲಿದ ಅವರೆಕಾಳು ಇರುತ್ತಿತ್ತು, ಒಂದು ಹಿಡಿ ಇವನಿಗೂ ಕೊಟ್ಟು ಹೋಗುತ್ತಿದ್ದರು.