ಬೊಜ್ಜದ ದಿನ ಆಗದ ಪಾಲು

ಮನೆಯ ಪಾಲು ಎಲ್ಲಿ ಕೂತು ಮಾಡಿಕೊಂಡಿರಿ ಎಂದು ಕೇಳಿದವರಿಗೆಲ್ಲ ನಾನು ಮುಂಬಯಿ ಹತ್ತಿರದ ಡೊಂಬಿವಲಿಯ ಮನೆಯ ಊಟದ ಮೇಜು ಎನ್ನುತ್ತಿದ್ದೆ. ಆ ಮನೆಯಲ್ಲಿ ಊಟದ ಮೇಜೇ ಇರಲಿಲ್ಲ. ಆದ್ದರಿಂದ ನನ್ನನ್ನು ಬಿಟ್ಟು ಕಾಗದವನ್ನು ನಂಬಿ: ನೂರು ರೂಪಾಯಿಯ ಛಾಪಾ ಕಾಗದ, ಅದರ ಮೇಲೆ ಅಣ್ಣ, ನಾನು, ಅಕ್ಕ, ಇದೇ ಕ್ರಮದಲ್ಲಿ ಮೂರು ಸಹಿ. ಅಕ್ಕ ನಮ್ಮಿಬ್ಬರಿಗಿಂತ ದೊಡ್ಡವಳು.

ಅಮ್ಮ ಮೊದಲೇ ಹೋಗಿದ್ದರು. ಅಪ್ಪ ಉಯಿಲು ಬರೆಯದೆ ಹೋದರು. ಡೊಂಬಿವಲಿಯ ಫ್ಲ್ಯಾಟು ಇವತ್ತಿನಿಂದ ಅಣ್ಣನಿಗೆ, ಕಲ್ಯಾಣದ ಅಂಗಡಿ ನನಗೆ, ಅಲ್ಲಿಯದೇ ಒಂದು ಕೋಣೆ-ಅಡುಗೆಮನೆಯ ಫ್ಲ್ಯಾಟು ಅಕ್ಕನಿಗೆ ಎಂದು ಬರೆದು, ದೇವರ ಮುಂದಿಟ್ಟು ಕೈಮುಗಿದೆವು. ನೋಂದಣಿಯ ಮಾತು ಯಾರೂ ಎತ್ತಲಿಲ್ಲ. ದೇವರ ಮುಂದಿಟ್ಟದ್ದನ್ನು ಸರಕಾರಕ್ಕೆ ತೋರಿಸುವುದೆಂದರೆ ಒಡಹುಟ್ಟಿದವರ ಮೇಲೆ ಸಂಶಯಪಟ್ಟಂತೆ.

ಹಲವು ವರ್ಷ ಕಾಗದ ಸುಮ್ಮನಿತ್ತು. ಅಣ್ಣ ನವಿ ಮುಂಬಯಿಯ ಸೀವುಡ್ಸ್‌ನಲ್ಲಿ ಮನೆ ಗೊತ್ತುಮಾಡಿ ಡೊಂಬಿವಲಿಯದನ್ನು ಮಾರಲು ಹೊರಟಾಗ ಅದು ಹೊರಗೆ ಬಂತು. ಅಪ್ಪ ಅವನನ್ನು ನಾಮಿನಿ ಮಾಡಿದ್ದರಿಂದ ಕಟ್ಟಡದ ಸೊಸೈಟಿ ಶೇರ್ ಸರ್ಟಿಫಿಕೇಟನ್ನು ಅವನ ಹೆಸರಿಗೆ ಮಾಡಿತ್ತು. ಅಷ್ಟು ಸಾಕೆಂದು ಅವನೂ ನಾನೂ ತಿಳಿದಿದ್ದೆವು. ಕೊಳ್ಳುವವರ ಬ್ಯಾಂಕು, ನಾಮಿನಿ ಮಾಲೀಕನಲ್ಲ, ವಾರಸುದಾರರ ನೋಂದಾಯಿತ ಪತ್ರ ತನ್ನಿ ಎಂದಿತು. ಇಲ್ಲದಿದ್ದರೆ ಮಾರಾಟವಿಲ್ಲ, ಸೀವುಡ್ಸೂ ಇಲ್ಲ.

ಮೂವರೂ ಹೋಗಿ ಕಂಡ ಕಲ್ಯಾಣದ ವಕೀಲರು ವಿಜಯಪುರದ ಕಡೆಯವರು. ಕಾಗದವನ್ನು ಎರಡು ಸಲ ಓದಿದರು.

"ಇದು ನಡಿಯಂಗಿಲ್ರೀ. ಆಸ್ತಿ ಭಾಗ ಮಾಡಿದ್ದು ಈ ಕಾಗದಾನ ಅಂದಮ್ಯಾಲೆ ರಜಿಸ್ಟರ್ ಆಗಬೇಕಿತ್ತು. ಕೋರ್ಟಿನಾಗ ಯಾರಿಗೆ ಯಾವುದು ಅನ್ನೂದಕ್ಕ ಇದು ಪುರಾವೆ ಆಗಂಗಿಲ್ಲ." ಆಮೇಲೆ ಕೇಳಿದರು: "ಅದಕ್ಕೂ ಮೊದಲ ಬಾಯಿಮಾತಿನಾಗ ಭಾಗ ಆಗಿತ್ತೇನು? ಆಗಿದ್ರ, ಹಿಂದ ಹಿಂಗಾಗಿತ್ತು ಅಂತ ಬರೇ ನೆನಪಿನ ಪತ್ರ ಬರೀಬಹುದು. ಅದಕ್ಕ ನೋಂದಣಿ ಬೇಕಿಲ್ಲ. ಬ್ಯಾಂಕಿನವರು ಒಪ್ಪಿದರ ಒಪ್ಪಿದರು."

"ಆಗಿತ್ತು," ಎಂದ ಅಣ್ಣ, ಥಟ್ಟನೆ. "ಅಪ್ಪನ ಬೊಜ್ಜದ ದಿನ. ಉತ್ತರಕ್ರಿಯೆಯ ಊಟ ಆದ ಮೇಲೆ, ಟೆರೇಸಿನಲ್ಲಿ. ಮೂವರೂ ಇದ್ದೆವು."

ನಾನು ತಲೆಯಾಡಿಸಿದೆ. ಅದು ಸುಳ್ಳಲ್ಲ. ಅವನು ಹೇಳುತ್ತಿದ್ದಂತೆ ಟೆರೇಸು, ನೀರಿನ ಟಾಕಿ, ಅಕ್ಕನ ಸೀರೆಯ ಸೆರಗು, ಎಲ್ಲ ನನಗೆ ಕಂಡವು. ನೆನಪು ಎಂಥ ವಿಧೇಯ ಪ್ರಾಣಿ!

"ಸೆರಗು ಅಲ್ಲಿ ಹೇಗೆ ಬಂತು ಮಾರಾಯ?" ಎಂದಳು ಅಕ್ಕ. ಇಲ್ಲ, ಸೆರಗನ್ನು ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಅವಳು ಹೇಳಿದ್ದು ಇದು: "ಬೊಜ್ಜದ ದಿನ ನಾನು ಕೊನೇ ಪಂಕ್ತಿಗೆ ಬಡಿಸ್ತಾ ಇದ್ದೆ. ಟೆರೇಸಿಗೆ ಹೋದದ್ದು ನೀವಿಬ್ರು. ನನ್ನನ್ನು ಯಾರು ಕರೆದದ್ದು? ನನಗೆ ಸಿಕ್ಕಿದ್ದು ಈ ಕಾಗದ, ಸಹಿ ಹಾಕ್ಲಿಕ್ಕೆ."

ವಕೀಲರು ಪೆನ್ನು ಕೆಳಗಿಟ್ಟರು. "ಹಂಗಾದ್ರ ನೆನಪಿನ ಪತ್ರ ಬರಿಯಾಕ ಬರಂಗಿಲ್ಲ. ಕಾಯ್ದೇಶೀರ ಹೇಳಬೇಕಂದ್ರ ಅಕ್ಕಾರೆ, ಆ ಫ್ಲ್ಯಾಟಿನಾಗ ಮೂರನೇ ಒಂದು ಪಾಲು ಇವತ್ತೂ ನಿಮ್ಮದು ಅಂತ ನೀವು ಕೇಳಬಹುದು."

ಅಣ್ಣ ನೆಲ ನೋಡುತ್ತಿದ್ದ. ಕಲ್ಯಾಣದ ಆ ಒಂದು ಕೋಣೆ ಮೂರು ಪಾಲುಗಳಲ್ಲಿ ಎಲ್ಲಕ್ಕಿಂತ ಸಣ್ಣದೆಂಬುದು ನಮ್ಮಿಬ್ಬರಿಗೂ ಟೆರೇಸಿನಲ್ಲೇ ಗೊತ್ತಿತ್ತು.

"ಗೊತ್ತುಂಟು," ಎಂದಳು ಅಕ್ಕ. "ಕೋಣೆ ಸಾಕು ಅಂತ ಅವತ್ತು ಸಹಿ ಹಾಕಿದ್ದೇನೆ. ಆ ಮಾತು ತಿರುಗಿಸುವುದಿಲ್ಲ. ಆದರೆ ಆಗದ್ದನ್ನು ಆಗಿದೆ ಅಂತ ಬರೆದರೆ ನಾನು ಬೆರಳೂ ಒತ್ತುವುದಿಲ್ಲ. ಇವತ್ತು ಪಾಲು ಮಾಡುವಾ. ಮೂವರಿಗೂ ಸಮ ಹಕ್ಕು ಇತ್ತು ಅಂತ ಮೊದಲು ಬರೀರಿ, ಆಮೇಲೆ ಯಾರಿಗೆ ಯಾವುದು ಅಂತ. ಮತ್ತೆ ಹೆಸರು, ಹುಟ್ಟಿದ ಕ್ರಮದಲ್ಲಿ."

ಅಣ್ಣ ಎದ್ದು ಹೊರಗೆ ಹೋಗಿ ಚಹಾ ಹೇಳಿ ಬಂದ. "ಅಕ್ಕ, ಮುದ್ರಾಂಕದ ಖರ್ಚೆಲ್ಲ ನನ್ನದು," ಎಂದ. "ಮತ್ತೆಂತ, ನನ್ನದಾ?" ಎಂದಳು ಅವಳು.

ಪಾಲುಪತ್ರ ಮರಾಠಿಯಲ್ಲಿ ತಯಾರಾಯಿತು. ಸಬ್ ರಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಅಕ್ಕ ಕನ್ನಡಕ ಹಾಕಿ ಪೂರ್ತಿ ಓದಿದಳು. ನಾವಿಬ್ಬರೂ ಕೊನೆಯ ಪುಟ ಮಾತ್ರ ನೋಡಿದ್ದೆವು. ಆಸ್ತಿಗಳ ವಿವರಕ್ಕೆ ಬಂದವಳು ತಲೆಯೆತ್ತಿ, "ಅಂಗಡಿಯ ನಂಬರು ತಪ್ಪಿದೆ ನೋಡು," ಎಂದಳು. ತಪ್ಪಿದ್ದು ನನ್ನ ಅಂಗಡಿಯದು. ಹಾಗೇ ನೋಂದಣಿಯಾಗಿದ್ದರೆ ನಾನು ಬೇರೆ ಯಾರದೋ ಮಳಿಗೆಗೆ ಒಡೆಯನಾಗುತ್ತಿದ್ದೆ. ಆ ಪುಟ ಹೊಸದಾಗಿ ಬಂತು. ಇಬ್ಬರು ಸಾಕ್ಷಿಗಳು ಗುರುತು ಹೇಳಿದರು. ಗುಮಾಸ್ತ ಮೊದಲು ಕರೆದದ್ದು ಅಕ್ಕನ ಹೆಸರನ್ನು. ಅವಳು ಹೋಗಿ ಕ್ಯಾಮೆರಾದ ಮುಂದೆ ಕೂತು ಹೆಬ್ಬೆರಳು ಒತ್ತಿದಳು.

ಆಗ ಅವಳು ನಕ್ಕಳೆಂದು ಇಷ್ಟು ವರ್ಷ ಎಲ್ಲರಿಗೂ ಹೇಳಿದ್ದೇನೆ. ಇದನ್ನು ಬರೆಯುವ ಮೊದಲು ಪಾಲುಪತ್ರ ತೆಗೆದು ನೋಡಿದೆ. ಅಂಚೆಚೀಟಿಯಷ್ಟು ದೊಡ್ಡ ಕಪ್ಪುಬಿಳುಪು ಫೋಟೋದಲ್ಲಿ ಅಕ್ಕ ನಗುತ್ತಿಲ್ಲ. ನೆಟ್ಟಗೆ ನೋಡುತ್ತಿದ್ದಾಳೆ, ಬಡಿಸುವಾಗ ಪಂಕ್ತಿಯ ತುದಿಯವರೆಗೆ ಎಲೆ ಎಣಿಸುವ ಅದೇ ನೋಟ. ಅವಳ ಕೆಳಗೆ ಅಣ್ಣ, ಅವನ ಕೆಳಗೆ ನಾನು.