ಸ್ಲೇಟಿನ ಮೇಲಿನ ನಾಲ್ಕು

ಆ ಫೋಟೋದಲ್ಲಿ ನಾಲ್ಕು ಕಾಣುತ್ತಿರಲಿಲ್ಲ. ಕಾಣುತ್ತದೆ ಎಂದು ನನ್ನ ಯಜಮಾನರು ಹೇಳಿದ್ದು ನನ್ನ ಮೇಲಿನ ಅಕ್ಕರೆಗೆ, ಕಣ್ಣಿಗೆ ಕಂಡಿದ್ದಕ್ಕಲ್ಲ.

ಎಪ್ಪತ್ತರ ದಶಕದ ಮಾತು. ಹನಕೆರೆಯಲ್ಲಿದ್ದೆವು. ಬಾಲವಾಡಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಖಾಲಿಯಿತ್ತು. ನಾಲ್ಕನೇ ತರಗತಿ ಓದಿದ ರುಜುವಾತು ಬೇಕೆಂದರು. ನಾನು ಓದಿದ್ದೆ, ಆದರೆ ಶಾಲೆಯ ರಿಜಿಸ್ಟರ್ ಗೆದ್ದಲ ಪಾಲಾಗಿತ್ತು. ಉಳಿದಿದ್ದು ತರಗತಿಯ ಒಂದು ಹಳೆ ಫೋಟೋ. ಮುಂದೆ ಕೂತ ಹುಡುಗಿ ಕೈಯಲ್ಲಿ ಯಾವ ತರಗತಿ ಎಂದು ಬರೆದ ಸ್ಲೇಟು, ಅವಳ ಪಕ್ಕ ನಾನು.

ಯಜಮಾನರೂ ನಾನೂ ಅದನ್ನು ಮಂಡ್ಯದ ಸ್ಟುಡಿಯೋಗೆ ಒಯ್ದೆವು. ಸ್ಟುಡಿಯೋದವನು ದೊಡ್ಡದು ಮಾಡಿ, ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದ.

"ಸ್ಲೇಟ್ ಮ್ಯಾಗೆ ಬಿಸ್ಲು ಒಡೆದೈತೆ ಗೌಡ್ರೆ. ಅಂಕಿ ಕೆಳಗಿನ ಸುರುಳಿ ಬಿಟ್ರೆ ಬರೀ ಬಿಳುಪು, ನಾಲ್ಕೋ ಐದೋ ಗೊತ್ತಾಗಾಕಿಲ್ಲ. ದೊಡ್ಡದು ಮಾಡಿದ್ರೆ ಬಿಳುಪೇ ದೊಡ್ಡದಾಯ್ತದೆ, ಅಂಕಿ ಬರಾಕಿಲ್ಲ."

"ಒಂಚೂರು ಬ್ರಷ್ ಆಡ್ಸಿ ನಾಲ್ಕು ಮಾಡ್ಬುಡಿ ಸಾಮಿ," ಎಂದರು ಇವರು.

"ಮದ್ವೆ ಎಣ್ಣಿನ ಮೊಡವೆ ಅಳಿಸ್ಕೊಡ್ತೀನಿ. ಇದ್ನ ಬರೆದ್ರೆ ನಾನು ಬರೆದ ನಾಲ್ಕಾಯ್ತದೆ, ಸ್ಲೇಟಿಂದಲ್ಲ."

"ನಮ್ಮ ಸ್ಕೂಲಲ್ಲಿ ಐದೇ ಇರ್ಲಿಲ್ಲ ಕಣಪ್ಪ," ಎಂದೆ ನಾನು.

"ಅದು ನಿಮ್ಗೆ ಗೊತ್ತು ಅಕ್ಕಾ, ಫೋಟೋಗೆ ಗೊತ್ತಿಲ್ಲ. ಅದ್ನ ಬೇರೆ ಕಾಗ್ದದಲ್ಲಿ ಬರ್ಕೊಡಿ."

ಇವರು ಫೋಟೋವನ್ನು ಕಿತ್ತುಕೊಂಡು ನನ್ನ ಮುಖ ತೋರಿಸಿದರು. "ಇದಾದ್ರೂ ಇವ್ಳೇ ತಾನೆ? ಆ ಮೂಗು ನೋಡಿ!"

"ಮೂಗೇ ಇಲ್ವಲ್ಲ ಗೌಡ್ರೆ, ಅಲ್ಲಾಡ್ಬುಟ್ಟವ್ರೆ."

ಫೋಟೋ ತೆಗೆಯುವಾಗ ಮೂಗಿನ ಮೇಲೆ ನೊಣ ಕೂತಿತ್ತು, ಅಲ್ಲಾಡಿದ್ದೆ. ನನಗೆ ನಗು ಬಂತು. ಇವರಿಗೆ ಬರಲಿಲ್ಲ. ಕಾಣದ ಮೂಗಿಗೆ ಜಗಳ ಆಡಿದ ಗಂಡ ಊರಲ್ಲಿ ಇವರೊಬ್ಬರೇ ಇರಬೇಕು.

ಕೊನೆಗೆ ಸ್ಟುಡಿಯೋದವನು ಫೋಟೋದ ಹಿಂದೆ ಬರೆದು ರುಜು ಹಾಕಿದ: 'ತರಗತಿ' ಎಂಬ ಮಾತು ಸ್ಪಷ್ಟ. ಅಂಕಿಯ ಕೆಳಗಿನ ಸುರುಳಿ ಮಾತ್ರ ಉಳಿದಿದೆ. ಬಹುಶಃ ೪, ೫ ಕೂಡ ಇರಬಹುದು, ೩ ಇರಲಾರದು. ಬಾಗಿಲ ಮೇಲಿನ ಊರ ಹೆಸರು ಜಗಲಿಯ ಕತ್ತಲಲ್ಲಿದೆ, ಓದಲಾಗದು. ಸ್ಲೇಟು ಹಿಡಿದವಳ ಮುಖ ಸ್ಪಷ್ಟ. ಅವಳ ಪಕ್ಕದವಳ ಮುಖ ಅಲುಗಿದೆ, ಯಾರೆಂದು ಹೇಳಲಾಗದು.

ಬಸ್ಸಿನಲ್ಲಿ ಇವರು ಮುಖ ಗಂಟಿಕ್ಕಿ ಕೂತಿದ್ದರು. "ಬಹುಶಃ ಅಂತೆ, ಬಹುಶಃ! ಕಾಸಿನ ಪ್ರಯೋಜನ ಇಲ್ಲ."

"ಸುಮ್ಕಿರಿ. ಸ್ಲೇಟ್ ಇಡ್ಕಂಡೋಳ ಮೊಕ ಸ್ಪಷ್ಟ ಅಂತ ಬರ್ದವ್ನಲ್ಲ. ಅವ್ಳಿನ್ನೂ ಬದುಕವ್ಳೆ, ಅವ್ಳೇ ಸಾಕ್ಷಿ."

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ನಿಡಘಟ್ಟಕ್ಕೆ ಹೋದೆ. ಅವಳನ್ನು ಕೊಟ್ಟಿದ್ದು ಆ ಊರಿಗೆ. ಕೊಟ್ಟಿಗೆ ಬಾಚುತ್ತಿದ್ದವಳನ್ನು ಕೈ ತೊಳೆಸಿ, ಫೋಟೋ ಕೊಟ್ಟು, "ಇದು ಯಾವ ಕ್ಲಾಸು, ನಿನ್ನ ಪಕ್ಕ ಕೂತೋಳು ಯಾರು, ಯೋಳು," ಎಂದು ಕೇಳಿದೆ.