ಎರಡನೆಯ ಪತ್ರ

ನನ್ನ ಗಂಡ ಬೀಜದ ಕಂಪನಿಯೊಂದರ ಮಾರಾಟಗಾರರಾಗಿದ್ದರು. ಕೊಟ್ಟೂರಿನಲ್ಲಿ ಮನೆ, ಕೂಡ್ಲಿಗಿಯಿಂದ ಹಡಗಲಿಯವರೆಗಿನ ಅಂಗಡಿಗಳಿಗೆ ಬೈಕಿನಲ್ಲಿ ಓಡಾಟ. ಕೆಲಸಕ್ಕೆ ಸೇರುವಾಗ ಕೊಟ್ಟ ಪತ್ರದಲ್ಲಿ, ಮಾರ್ಚಿನವರೆಗೆ ವರ್ಷ ಪೂರ್ತಿ ದುಡಿದರೆ ಎರಡು ತಿಂಗಳ ಸಂಬಳದಷ್ಟು ಬೋನಸ್ ಖಚಿತ ಎಂದು ಬರೆದಿತ್ತು. ಮಗಳನ್ನು ನರ್ಸಿಂಗ್ ಓದಿಗೆ ಸೇರಿಸಿದ್ದು ಆ ಧೈರ್ಯದ ಮೇಲೆ.

ವರ್ಷ ಮುಗಿಸಿ, ಏಪ್ರಿಲ್‌ನಲ್ಲಿ ಅವರು ಎದೆನೋವಿನಿಂದ ತೀರಿಕೊಂಡರು. ಸಂಬಳ, ಪಿಎಫ್ ಬಂದವು. ಬೋನಸ್ ಬರಲಿಲ್ಲ. ಫೋನ್ ಮಾಡಿದರೆ ಅವರ ಮ್ಯಾನೇಜರ್, ಮಣ್ಣಿಗೂ ಬಂದಿದ್ದವರು, ಮೆತ್ತಗೆ ಹೇಳಿದರು: "ಅತ್ತಿಗಿ, ಈ ಸಲ ಮ್ಯಾಲಿನವರು ಯಾರಿಗೂ ಕೊಟ್ಟಿಲ್ರಿ. ವ್ಯಾಪಾರ ಬಿದ್ದೈತಿ."

ಕಾಗದಗಳನ್ನೆಲ್ಲ ಹಿಡಿದು ಮೈದುನನೊಂದಿಗೆ ಹರಪನಹಳ್ಳಿಯ ವಕೀಲರ ಬಳಿಗೆ ಹೋದೆ. ಅವರು ಮೊದಲ ಪತ್ರ ಓದಿ ತಲೆಯಾಡಿಸಿದರು.

"ಇದು ಗಟ್ಟಿ ಐತಿ ತಂಗಿ. ಮೊತ್ತ ಹೇಳ್ಯಾರ, ಷರತ್ತು ಪೂರ್ತಿ ಆಗೈತಿ. ಇದನ್ನ ತಡಿಯಾಕ ಬರಂಗಿಲ್ಲ. ಮುಂದಿನದ ಕೊಡ್ರಿ."

ಅದು ಎರಡು ವರ್ಷದ ಹಿಂದಿನ ಬಡ್ತಿ ಪತ್ರ. ಅದು ಬಂದ ದಿನ ಇವರು ಹೊಸ ಹುದ್ದೆಯ ಹೆಸರನ್ನು, ಹೆಚ್ಚಿದ ಸಂಬಳವನ್ನು ಜೋರಾಗಿ ಓದಿ, ಅಡುಗೆಮನೆಯ ಹೊಸ್ತಿಲಲ್ಲೇ ಸಹಿ ಮಾಡಿದ್ದರು.

ವಕೀಲರು ಒಂದು ಸಾಲಿನ ಕೆಳಗೆ ಉಗುರು ಎಳೆದರು. "ಹಿಂದಿನ ಎಲ್ಲಾ ಷರತ್ತು ರದ್ದು. ಬೋನಸ್ಸು ಕೊಡೋದು ಬಿಡೋದು ಆಡಳಿತದ ಇಷ್ಟ. ನಿಮ್ಮನಿಯವರ ಸಹಿ ಐತಿ."

"ಹೋದ ವರ್ಷ ಕೊಟ್ಟಾರಲ್ರಿ!" ಎಂದೆ.

"ಅದೂ ಅವರ ಇಷ್ಟದಿಂದ. ರೂಢಿ ಆಗಿತ್ತು ಅಂತ ವಾದಿಸಬೋದು. ಆದ್ರ ಈ ಪತ್ರ ಬಂದ ಮ್ಯಾಲೆ ಒಂದು ಸಲ ಕೊಟ್ಟಿದ್ದು ರೂಢಿ ಅಂತ ಯಾರು ಒಪ್ತಾರ? ಕಾನೂನಿನ ಕನಿಷ್ಠ ಬೋನಸ್ ಬ್ಯಾರೆ ಐತಿ. ಸಂಬಳ ಏರಿದ ಮ್ಯಾಲೆ ಅದರ ಸಂಬಳದ ಮಿತಿನೂ ದಾಟ್ಯಾರ, ಅದೂ ಸಿಗಂಗಿಲ್ಲ."

ಮೈದುನನಿಗೆ ತಡೆಯಲಾಗಲಿಲ್ಲ. "ಸಂತ್ಯಾಗ ಒಂದು ಬದನಿಕಾಯಿನ ಹತ್ತು ಸಲ ತಿರುವಿ ನೋಡ್ತಿದ್ದ ನಮ್ಮಣ್ಣ! ಇದನ್ನ ತಿರುವಿ ನೋಡ್ಲಿಲ್ಲಲ್ರಿ."

ನನಗೆ ನಗು ಬಂತು, ಹಿಂದೆಯೇ ಅಳು. ಬಡ್ತಿ ಕೊಟ್ಟವರು ಅದೇ ಕೈಯಿಂದ ಏನನ್ನೋ ತೆಗೆದುಕೊಳ್ಳುತ್ತಾರೆಂದು ಇವರಿಗೆ ಹೊಳೆದಿರಲಾರದು. ಹೊಳೆದಿದ್ದರೂ, ಸಹಿ ಮಾಡುವುದಿಲ್ಲ ಎನ್ನುವ ಮನುಷ್ಯರಲ್ಲ.

"ಈಗ ಏನು ಮಾಡ್ಲಿ ಸಾಹೇಬ್ರ?"

"ಕೇಸ್ ಹಾಕಬೋದು, ನಿಲ್ಲೋದು ಕಷ್ಟ. ಕಂಪನಿಗೆ ಒಂದು ವಿನಂತಿ ಬರೀರಿ."

ಮನೆಗೆ ಬಂದು ಬರೆಯಲು ಕುಳಿತೆ. ಅವರ ಹೆಸರಿನ ಹಿಂದೆ ಮೊದಲ ಬಾರಿಗೆ ದಿವಂಗತ ಎಂದು ಬರೆಯಬೇಕಾಯಿತು. ವರ್ಷವಿಡೀ ದುಡಿದಿದ್ದಾರೆ, ಕೊಡಬೇಕು ಎಂದು ಬರೆದು ಹೊಡೆದುಹಾಕಿದೆ. ದಯಮಾಡಿ ಕೊಡಿಸಿರಿ ಎಂದು ತಿದ್ದಿದೆ. ಅವರ ದುಡಿಮೆಯನ್ನು ನಾನೇ ಭಿಕ್ಷೆ ಮಾಡಿದ ಹಾಗಾಯಿತು. ಆದರೂ ಕಳಿಸಿದೆ.

ಮ್ಯಾನೇಜರ್ ಫೋನಿನಲ್ಲಿ, "ಮ್ಯಾಲೆ ಕಳಿಸೀನ್ರಿ, ನೋಡ್ತಾರ," ಎಂದರು. ಫೀಸಿನ ಬಗ್ಗೆ ಕಾಲೇಜಿಗೆ ಏನು ಹೇಳಲಿ ಎಂದು ಮಗಳು ಕೇಳಿದಳು. ನೋಡ್ತಾರಂತ, ಎಂದೆ.